45 ಸೆಕೆಂಡಿನಲ್ಲಿ ಒಂದು ತೋಟದ ಕಷ್ಟ: ನನ್ನ ಅನುಭವ

ರೈತರು ತಮ್ಮ ಕಷ್ಟ ತಾವೇ ಹೇಳುವ 45 ಸೆಕೆಂಡಿನ ರೀಲ್‌ಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. 45 ಸೆಕೆಂಡಿಗೆ ಕನ್ನಡದಲ್ಲಿ ಸುಮಾರು 80 ಪದ ಹಿಡಿಯುತ್ತವೆ. ವಾರ್ತೆ ಓದುವವರ ವೇಗದಲ್ಲಿ ನೂರು ದಾಟಬಹುದು. ಆದರೆ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ತಮ್ಮ ತೋಟದಲ್ಲಿ ನಿಂತು, ಉಸಿರೆಳೆದುಕೊಂಡು ಹೇಳುವಾಗ 80 ದಾಟಿಸಿದರೆ ಅದು ಒಪ್ಪಿಸಿದ ಪಾಠದ ಹಾಗೆ ಕೇಳುತ್ತದೆ. ಈ ಲೆಕ್ಕ ಸಿಕ್ಕುವ ಮೊದಲು ಎಂಟು ರೀಲ್ ಹಾಳಾದವು. ಹಾಸನದಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯರು, 'ಒಬ್ಬರ ಕಷ್ಟ ಅಷ್ಟರಲ್ಲಿ ಹೇಳೋಕಾಗಲ್ಲ, ಮೂರು ನಿಮಿಷವಾದ್ರೂ ಬೇಕು' ಅನ್ನುತ್ತಿದ್ದರು. ಈಗ ಅವರೇ ಸ್ಕ್ರಿಪ್ಟ್ ಕೇಳುತ್ತಾರೆ.

ಮೊದಮೊದಲು ಉದ್ದದ ವಿಡಿಯೋ ತೆಗೆದು ಕತ್ತರಿಸುತ್ತಿದ್ದೆ. ಕನ್ನಡದಲ್ಲಿ ಅದು ಕೆಲಸ ಮಾಡುವುದಿಲ್ಲ. ನಮ್ಮಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ಮಾತಿನ ತೂಕವೂ ಅಲ್ಲೇ ಕೂತಿರುತ್ತದೆ. ಅವಸರದಲ್ಲಿ ಬಾಲ ಕತ್ತರಿಸಿದರೆ 'ಕಡಿಸಿದೆ'ಯೋ 'ಕಡಿಸಲಿಲ್ಲ'ವೋ ತಿಳಿಯುವುದಿಲ್ಲ. ಕತ್ತರಿ ಹಾಕುವುದಾದರೆ ವಾಕ್ಯದ ತಲೆಗೆ ಹಾಕಬೇಕು. ಸಾಲದಾದಾಗ ವೇಗವನ್ನು 1.3ಕ್ಕೆ ಏರಿಸಿದೆ, ದನಿ ಜಾಹೀರಾತಿನವರದ್ದಾಯಿತು. ಹಿನ್ನೆಲೆಗೆ ಪಿಟೀಲು ಹಾಕಿದೆ, ಕಷ್ಟ ಮಾರುತ್ತಿದ್ದಾರೆ ಅನ್ನಿಸಿತು. ಕಾಲರ್ ಮೈಕಿಗೆ ಸುಮಾರು ಎರಡೂವರೆ ಸಾವಿರ ಕೊಟ್ಟದ್ದು ಸಾರ್ಥಕ. ಬೂಸ್ಟ್ ಮಾಡಲು ಹಾಕಿದ ನಾಲ್ಕು ಸಾವಿರ ಪೂರ್ತಿ ನೀರಿಗೆ ಹೋಯಿತು. ಹಿಡಿದು ನಿಲ್ಲಿಸದ ರೀಲನ್ನು ಹೆಚ್ಚು ಜನರ ಮುಂದೆ ಇಟ್ಟರೆ, ಹೆಚ್ಚು ಜನ ದಾಟಿ ಹೋಗುತ್ತಾರೆ, ಅಷ್ಟೇ.

ಕೆಲಸಕ್ಕೆ ಬಂದ ದಾರಿ ಹೀಗಿದೆ. ಕ್ಯಾಮೆರಾ ಚೀಲದಲ್ಲೇ ಇರಲಿ. ಫೋನಿನ ರೆಕಾರ್ಡರ್ ಆನ್ ಮಾಡಿ, ಕಾಫಿ ಕುಡಿಯುತ್ತ ಹತ್ತು ನಿಮಿಷ ಮಾತಾಡಲು ಬಿಡುತ್ತೇನೆ. ಮೂಡಿಗೆರೆಯ ಆ ಬೆಳೆಗಾರರು ಹನ್ನೊಂದು ನಿಮಿಷ ಮಾತಾಡಿದರು. ಅಪ್ಪನ ಸಾಲ, ಅಣ್ಣತಮ್ಮಂದಿರ ಪಾಲು, ಹೂಮಳೆ ಕೈಕೊಟ್ಟ ವರ್ಷ, ಮೆಣಸಿನ ಬಳ್ಳಿ ಸತ್ತದ್ದು, ಬೋರರ್ ಅನ್ನುವ ಕಾಂಡಕೊರಕ ಹುಳ, ರೇಟು ಎಲ್ಲವೂ ಬಂದವು. ನನ್ನ ರೀಲಿನಲ್ಲಿ ಮೊದಲು ಕಷ್ಟ, ನಡುವೆ ತಿರುವು, ಕೊನೆಗೆ ಪಾಠ. ಇದರಲ್ಲಿ ತಿರುವು ಯಾವುದು? ನಾನು ಹುಡುಕುವುದು ಅವರ ಕೈ ಮಾಡಿದ ಒಂದು ಕೆಲಸವನ್ನು. ಮಳೆ ಬಂತು, ರೇಟು ಏರಿತು, ಸರ್ಕಾರ ಪರಿಹಾರ ಕೊಟ್ಟಿತು ಎಂಬುದು ತಿರುವಲ್ಲ, ಹೊರಗಿನಿಂದ ಆದದ್ದು. ಅದನ್ನು ನಡುವೆ ಇಟ್ಟರೆ ಕೊನೆಯ ಪಾಠ ಸುಳ್ಳಾಗಿ ಕೇಳುತ್ತದೆ, ಏಕೆಂದರೆ ಹೇಳುವವರು ಏನನ್ನೂ ಬದಲಿಸಿರುವುದಿಲ್ಲ.

'ಅಣ್ಣ, ಅವತ್ತು ನಿಮ್ಮ ಕೈಯಲ್ಲಿ ಏನಿತ್ತು?' ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುರಿದ ಗಿಡ' ಅಂದರು. ತಿರುವು ಅಲ್ಲೇ ಸಿಕ್ಕಿತು. ಇದರ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಬರೆಯುವಾಗ ತಿರುವನ್ನೇ ಮೊದಲು ಬರೆಯುತ್ತೇನೆ. ಆಮೇಲೆ ಹಿಂದಕ್ಕೆ ಹೋಗಿ, ಆ ಗಿಡ ಮುರಿದದ್ದು ನೋವಾಗಬೇಕಾದರೆ ನೋಡುವವರಿಗೆ ಏನೇನು ಗೊತ್ತಿರಬೇಕೋ ಅಷ್ಟೇ ಮುಂದಿಡುತ್ತೇನೆ. ಸಾಲ, ಪಾಲು, ಮಳೆ ಮೂರೂ ಹೋದವು. ಮಳೆಯ ಭಾಗ ತೆಗೆದದ್ದಕ್ಕೆ ಅವರಿಗೆ ಬೇಜಾರಾಯಿತು, ಆದರೆ ಅದು ಬೇರೆಯೇ ರೀಲ್. ಕೊನೆಗೆ ಉಳಿದದ್ದು ಇದು:

'ಮೂರು ಎಕರೆ ಅರೇಬಿಕಾ. ನೆರಳು ಜಾಸ್ತಿ ಆಯ್ತು ಅಂತ ಸಿಲ್ವರ್ ಮರ ಅರ್ಧ ಕಡಿಸಿದೆ. ಒಳ್ಳೆ ದುಡ್ಡು ಬಂತು. ಎರಡು ವರ್ಷ ಕಳೆಯೋದ್ರಲ್ಲಿ ಗಿಡ ಹಳದಿ ತಿರುಗಿತು. ಗೊಬ್ಬರ ಹಾಕ್ದೆ, ಔಷಧಿ ಹೊಡೆದೆ. ಹಸಿರಾಗಲಿಲ್ಲ.

ಒಂದಿನ ಒಂದು ಗಿಡ ಬಗ್ಗಿಸಿದೆ. ಲಟಕ್ ಅಂತ ಮುರೀತು. ಒಳಗೆ ಬರೀ ಪುಡಿ. ಬೋರರ್. ಅವತ್ತೇ ಎಣಿಸಿದೆ, ನಾನೂರು ಗಿಡ. ಅಪ್ಪ ನೆಟ್ಟಿದ್ದು. ಬುಡಸಮೇತ ಕಿತ್ತು, ರಾಶಿ ಹಾಕಿ ಸುಟ್ಟೆ. ಮನೇಲಿ ಯಾರೂ ಮಾತಾಡ್ಲಿಲ್ಲ.

ಈಗ ಮಾರ್ಚಲ್ಲಿ ಒಂದ್ಸಲ, ಸೆಪ್ಟೆಂಬರಲ್ಲಿ ಒಂದ್ಸಲ ಪ್ರತಿ ಗಿಡದ ಕಾಂಡ ಮುಟ್ಟಿ ನೋಡ್ತೀನಿ. ಉಬ್ಬು ಕಂಡ್ರೆ ಅವತ್ತೇ ಕೀಳ್ತೀನಿ. ಕಡಿಸಿದ ಜಾಗದಲ್ಲಿ ಮತ್ತೆ ಮರ ನೆಟ್ಟಿದೀನಿ. ದುಡ್ಡು ಒಂದೇ ವಾರಕ್ಕೆ ಬಂದಿತ್ತು. ನೆರಳಿಗೆ ಇನ್ನೂ ಕಾಯ್ತಾ ಇದೀನಿ.'

ಮೊದಲ ಭಾಗಕ್ಕೆ 14 ಸೆಕೆಂಡ್, ನಡುವಿನದಕ್ಕೆ 15, ಕೊನೆಯದಕ್ಕೆ 16 ಹಿಡಿಯಿತು. ಒಂದು ಕಡೆಯೂ 'ನಾನು' ಇಲ್ಲದ್ದನ್ನು ಗಮನಿಸಿ. 'ಕಡಿಸಿದೆ' ಅಂದಾಗಲೇ ಅದರೊಳಗೆ 'ನಾನು' ಬಂದಿರುತ್ತದೆ, ಮತ್ತೆ ಹೇಳಿದರೆ ಪದ ದಂಡ. ಮೊದಲ ಕರಡಿನಲ್ಲಿ ಒಂಬತ್ತು 'ನಾನು' ಇದ್ದವು. 'ಕಿತ್ತು, ರಾಶಿ ಹಾಕಿ ಸುಟ್ಟೆ' ಎಂದು ಪೋಣಿಸಿದ್ದರಿಂದ ಮೂರು ವಾಕ್ಯದ ಕೆಲಸ ಒಂದರಲ್ಲಿ ಮುಗಿಯಿತು. 'ಬಗ್ಗಿಸಿದೆ', 'ಮುರೀತು' ಮಾತ್ರ ಬೇಕೆಂದೇ ಬಿಡಿಬಿಡಿ. ಆ ಎರಡರ ನಡುವೆ ಒಂದು ಸೆಕೆಂಡ್ ಮೌನ ಬೇಕು. ಆ ಮೌನಕ್ಕೆಂದೇ ಮೊದಲ ಭಾಗದಿಂದ ಎರಡು ಪದ ತೆಗೆದಿದ್ದೇನೆ.

ಪಾಠದ ಭಾಗದಲ್ಲಿ ಹೆಚ್ಚಿನವರು ಎಡವುತ್ತಾರೆ. 'ಪ್ರಕೃತಿಗೆ ವಿರುದ್ಧ ಹೋಗಬಾರದು' ಎಂದು ಮುಗಿಸೋಣ ಅಂದರು ಬೆಳೆಗಾರರು. ಅದನ್ನು ಯಾರು ಬೇಕಾದರೂ ಹೇಳಬಹುದು, ಕೇಳಿದವರಿಗೆ ಮಾಡಲು ಏನೂ ಸಿಗುವುದಿಲ್ಲ. ಬದಲಿಗೆ ಅವರು ಈಗ ಏನು ಮಾಡುತ್ತಾರೆ ಎಂದು ಹೇಳಿಸಿದೆ. ಆ ತಿಂಗಳುಗಳಿಗೂ ಕಾರಣವಿದೆ. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಹೊರಬರುತ್ತದೆ. ಹುಳ ಹೊಕ್ಕ ಗಿಡ ಅದಕ್ಕೂ ಮೊದಲೇ ತೋಟದಿಂದ ಹೋಗಬೇಕು. ಬಿಸಿಲು ಬಿದ್ದ ಕಡೆ ಈ ಹುಳದ ಕಾಟ ಹೆಚ್ಚು ಎಂಬುದು ಬೆಳೆಗಾರರಿಗೆ ಗೊತ್ತಿರುವ ಮಾತು, ಅದನ್ನು ವಿವರಿಸದೆ ಬಿಟ್ಟೆ. ಬೆಂಗಳೂರಿನಲ್ಲಿ ನೋಡುವವರಿಗೆ ಬಿಸಿಲಿನ ನಂಟು ಅರ್ಥವಾಗದಿದ್ದರೂ ಸುಟ್ಟ ಗಿಡ ಅರ್ಥವಾಗುತ್ತದೆ.

ಒಂದು ಪ್ರಯೋಗವನ್ನೂ ಮಾಡಿದೆ. ಪಾಠವನ್ನೇ ಮೊದಲಿಟ್ಟು, ಆಮೇಲೆ ಕಷ್ಟ ಹೇಳಿಸಿದೆ. ನೋಡುಗರು ಎಲ್ಲಿ ಬಿಟ್ಟುಹೋಗುತ್ತಾರೆ ಎಂದು ಇನ್‌ಸೈಟ್ಸ್‌ನ ಗೆರೆ ತೋರಿಸುತ್ತದಲ್ಲ, ಹತ್ತು ಸೆಕೆಂಡಿಗೇ ಅದು ಬಾವಿಗೆ ಬಿದ್ದ ಹಾಗೆ ಇಳಿಯಿತು. ಉತ್ತರ ಸಿಕ್ಕ ಮೇಲೆ ಕಾಯುವುದು ಯಾತಕ್ಕೆ? ಸರಿಯಾದ ಕ್ರಮದಲ್ಲಿ ಹಾಕಿದಾಗ ಗಿಡ ಮುರಿಯುವ ಹೊತ್ತಿಗೆ, ನನ್ನ ನೆನಪಿನ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಜನ ಉಳಿದಿದ್ದರು. ಗೆರೆ ಮೊದಲ ಮೂರು ಸೆಕೆಂಡಿನಲ್ಲೇ ಕುಸಿದರೆ ತಪ್ಪು ಮೊದಲ ವಾಕ್ಯದ್ದು. ನಡುವೆ ನಿಧಾನವಾಗಿ ಜಾರಿದರೆ ಪೀಠಿಕೆ ಉದ್ದವಾಗಿದೆ. ಕೊನೆಯ ಹತ್ತರಲ್ಲಿ ಬಿದ್ದರೆ ಪಾಠ ಉಪದೇಶವಾಗಿದೆ.

ಅಕ್ಷರ ಹಾಕುವಾಗ ಒಂದು ಎಚ್ಚರ. ಕೆಲವು ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಒಡೆದು, 'ಕಿತ್ತು' ಹೋಗಿ 'ಕಿತ್‌ತು' ಆಗುತ್ತದೆ. ಯೂನಿಕೋಡ್ ಫಾಂಟ್ ಹಾಕಿ, ಒಂದು ಫ್ರೇಮ್ ಎಕ್ಸ್‌ಪೋರ್ಟ್ ಮಾಡಿ, ಬೇರೆ ಫೋನಿನಲ್ಲಿ ನೋಡಿ. ಪರದೆಯ ಕೆಳಗಿನ ಕಾಲು ಭಾಗದಲ್ಲಿ ಏನೂ ಬರೆಯಬೇಡಿ, ಹೆಸರು, ಬಟನ್‌ಗಳು ಅದನ್ನು ಮುಚ್ಚುತ್ತವೆ.

ಈ ಅಳತೆಗೆ ಕೂರದ ಕಷ್ಟಗಳೂ ಇವೆ. ಅಂಗಮಾರಿಗೆ ಆಲೂಗಡ್ಡೆ ಕಳೆದುಕೊಂಡು, ಶುಂಠಿಗೆ ಹೋಗಿ, ಅಲ್ಲಿ ಕೊಳೆರೋಗಕ್ಕೆ ಸಿಕ್ಕ ಹಾಸನದ ರೈತರೊಬ್ಬರ ಕಥೆಯಲ್ಲಿ ಎರಡು ತಿರುವು ಇದ್ದವು. ಒಂದರಲ್ಲಿ ತುರುಕಲು ನಾಲ್ಕು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಎರಡು ರೀಲ್ ಮಾಡಿದೆವು. ಇನ್ನೂ ನಡೆಯುತ್ತಿರುವ ಕಾಯಿಲೆ, ಕೋರ್ಟಿನಲ್ಲಿರುವ ಪಾಲಿನ ಜಗಳ ಒಪ್ಪಿಕೊಳ್ಳುವುದಿಲ್ಲ, ಅವುಗಳ ಕೊನೆ ಇನ್ನೂ ಬಂದಿಲ್ಲ.

ಒಂದು ರೀಲಿಗೆ ಈಗ ಮೂರು ಸಾವಿರ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಶೂಟಿಂಗ್ ಒಂದು ಗಂಟೆಯದು, ಬರವಣಿಗೆ ಎರಡು ದಿನದ್ದು. ಹಾಕುವ ಮೊದಲು ಮನೆಯವರಿಗೆಲ್ಲ ತೋರಿಸುತ್ತೇನೆ. 'ಮನೇಲಿ ಯಾರೂ ಮಾತಾಡ್ಲಿಲ್ಲ' ಎಂಬ ಸಾಲನ್ನು ಬೆಳೆಗಾರರ ಹೆಂಡತಿ ಎರಡು ಸಲ ಕೇಳಿಸಿಕೊಂಡು, 'ಇರಲಿ ಬಿಡಿ, ಹಂಗೇ ಆಗಿದ್ದು' ಅಂದ ಮೇಲೆಯೇ ಅಪ್‌ಲೋಡ್ ಮಾಡಿದ್ದು.