ಸಸ್ಪೆಂಡ್ ಆದ ಮೇಲೆ ಅರ್ಧ ಸಂಬಳ: ಲೆಕ್ಕ ಹೇಗೆ, ಕೇಳುವುದು ಹೇಗೆ?

ಬೆಳಿಗ್ಗೆ ಶಿಫ್ಟ್‌ಗೆ ಹೋದರೆ ಗೇಟಲ್ಲೇ ಸೆಕ್ಯುರಿಟಿಯವರು ಒಂದು ಕವರ್ ಕೈಗಿಡುತ್ತಾರೆ. ಒಳಗೆ ಅರ್ಧ ಪುಟದ ಆರ್ಡರ್: ನಿಮ್ಮ ಮೇಲೆ ದೂರು ಬಂದಿದೆ, ವಿಚಾರಣೆ ಮುಗಿಯುವವರೆಗೆ ನಿಮ್ಮನ್ನು ಅಮಾನತಿನಲ್ಲಿ ಇಡಲಾಗಿದೆ. ಯೂನಿಯನ್ ಆಫೀಸಿನಲ್ಲಿ ಕೂತು ಇಂಥವರಿಗೆ ಅರ್ಜಿ ಬರೆದುಕೊಟ್ಟು ನನಗೆ ಅಭ್ಯಾಸ. ಬಂದವರೆಲ್ಲ ಮೊದಲು ಕೇಳುವುದು ಒಂದೇ, "ಸಾರ್, ಕೆಲಸ ಹೋಯ್ತಾ?" ಹೋಗಿಲ್ಲ. ಅಮಾನತು ಶಿಕ್ಷೆಯಲ್ಲ, ನೀವಿನ್ನೂ ಆ ಕಂಪನಿಯ ನೌಕರರೇ. ಕೆಲಸ ಮಾಡಬೇಡಿ ಅಂತ ಅವರೇ ತಡೆದಿರುವುದರಿಂದ ಊಟಕ್ಕಾಗುವಷ್ಟಾದರೂ ಅವರೇ ಕೊಡಬೇಕು. ಅದೇ ಜೀವನಾಧಾರ ಭತ್ಯೆ.

ಇಲ್ಲಿ ಹೇಳುತ್ತಿರುವುದು ಕರ್ನಾಟಕದ ಖಾಸಗಿ ಕಾರ್ಖಾನೆ, ಕಂಪನಿಗಳಲ್ಲಿ ಕೆಲಸ ಮಾಡುವವರ ವಿಷಯ. ಸರ್ಕಾರಿ ನೌಕರರ ನಿಯಮಗಳೇ ಬೇರೆ, ಅದನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ.

ಆರ್ಡರ್ ಸರಿಯಾಗಿ ಓದಿ

ಮೊದಲು ನೋಡಬೇಕಾದ ಪದ 'ವಿಚಾರಣೆ'. ಯಾಕೆಂದರೆ ಸಸ್ಪೆನ್ಷನ್‌ನಲ್ಲಿ ಎರಡು ಜಾತಿ ಇದೆ. ತಪ್ಪು ಸಾಬೀತಾದ ಮೇಲೆ ಶಿಕ್ಷೆಯಾಗಿ ಮೂರು, ನಾಲ್ಕು ದಿನ ಸಸ್ಪೆಂಡ್ ಮಾಡುತ್ತಾರಲ್ಲ, ಅದಕ್ಕೆ ಸಂಬಳವೂ ಇಲ್ಲ, ಭತ್ಯೆಯೂ ಇಲ್ಲ. ವಿಚಾರಣೆ ಬಾಕಿ ಇರುವಾಗ ಹೊರಗಿಟ್ಟರೆ ಮಾತ್ರ ಭತ್ಯೆ. ಆರ್ಡರ್‌ನಲ್ಲಿ ಭತ್ಯೆಯ ಮಾತೇ ಇಲ್ಲದಿದ್ದರೂ ಗಾಬರಿ ಬೇಡ, ಅದು ಬರುವುದು ಕಾನೂನಿನಿಂದ, ಮ್ಯಾನೇಜರ್ ಕೃಪೆಯಿಂದಲ್ಲ.

ಆರ್ಡರ್ ತೆಗೆದುಕೊಳ್ಳಲ್ಲ ಅಂತ ಕೆಲವರು ಹಟ ಹಿಡಿಯುತ್ತಾರೆ. ಅದರಿಂದ ಏನೂ ಲಾಭವಿಲ್ಲ, ಸ್ಪೀಡ್ ಪೋಸ್ಟಲ್ಲಿ ಮನೆಗೇ ಬರುತ್ತೆ. ಸಹಿ ಹಾಕಿ, ಸಹಿಯ ಕೆಳಗೆ ದಿನಾಂಕ ಬರೆದು ತೆಗೆದುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಆ ದಿನಾಂಕದ ಮೇಲೇ ನಿಂತಿರುತ್ತದೆ.

ಎಷ್ಟು ಬರಬೇಕು

ಮೊದಲ 90 ದಿನ ವೇತನದ ಶೇ. 50. ಅದಾದ ಮೇಲೆ ಶೇ. 75. ಸ್ಥಾಯಿ ಆದೇಶಗಳು, ಅಂದರೆ ಕಾರ್ಖಾನೆಯ ಕೆಲಸದ ನಿಯಮಗಳು, ಅವುಗಳ ಹಳೇ ಕಾಯ್ದೆಯಲ್ಲೂ ಇದೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಇದೇ ಇದೆ. ಜೊತೆಗೆ ನಮ್ಮ ರಾಜ್ಯದ್ದೇ ಆದ 1988ರ ಜೀವನಾಧಾರ ಭತ್ಯೆ ಪಾವತಿ ಕಾಯ್ದೆ ಇನ್ನೊಂದು ಮೆಟ್ಟಿಲು ಸೇರಿಸುತ್ತದೆ: 180 ದಿನ ದಾಟಿದರೆ ಶೇ. 90. ಸಂಹಿತೆ ಇನ್ನೊಂದು ಮಾತು ಹೇಳಿದೆ, ವಿಚಾರಣೆ ಸಾಮಾನ್ಯವಾಗಿ ಅಮಾನತಿನ ದಿನದಿಂದ 90 ದಿನದೊಳಗೆ ಮುಗಿಯಬೇಕು ಅಂತ. ಎಷ್ಟು ಕಡೆ ಮುಗಿಯುತ್ತೆ ಅಂತ ಕೇಳಬೇಡಿ!

ಈಗ ಒಂದು ಲೆಕ್ಕ. ಒಬ್ಬ ಮೆಷಿನ್ ಆಪರೇಟರ್ ಇದ್ದಾರೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ಒಟ್ಟು 24,000 ರೂಪಾಯಿ: ಮೂಲ ವೇತನ 11,000, ಡಿಎ 7,000, ಮನೆ ಬಾಡಿಗೆ ಭತ್ಯೆ 6,000. ಜೂನ್ 10ರಂದು ಸಸ್ಪೆಂಡ್ ಆದರು. ತಿಂಗಳ ಕೊನೆಗೆ ಅಕೌಂಟ್ಸ್‌ನವರು, ತಿಂಗಳಿಗೆ 5,500 ನಿಮ್ಮ ಭತ್ಯೆ ಅಂದರು. ಮೂಲ ವೇತನದ ಅರ್ಧ. ನಾನು ಅತಿ ಹೆಚ್ಚು ನೋಡಿರುವ ತಪ್ಪು ಇದೇ, ಡಿಎ ಬಿಟ್ಟೇ ಲೆಕ್ಕ ಹಾಕುವುದು.

ಕಾನೂನು ಹೇಳುವುದು ವೇತನದ ಅರ್ಧ, ಮೂಲ ವೇತನದ ಅರ್ಧ ಅಲ್ಲ. ವೇತನ ಅಂದರೆ ಡಿಎ ಸೇರಿಯೇ. ಮನೆ ಬಾಡಿಗೆ ಭತ್ಯೆಯನ್ನು ಹಳೇ ಕಾಯ್ದೆ ವೇತನದ ಒಳಗೇ ಸೇರಿಸುತ್ತಿತ್ತು, ಹೊಸ ಸಂಹಿತೆ ಹೊರಗಿಡುತ್ತದೆ. ಆದರೆ ಹಾಗೆ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ ಹೆಚ್ಚಾದ ಭಾಗವನ್ನು ಮತ್ತೆ ವೇತನಕ್ಕೇ ಸೇರಿಸಬೇಕು. ಹಾಗಾಗಿ ಮೂಲ ವೇತನ ಚಿಕ್ಕದು ಮಾಡಿ ಉಳಿದದ್ದಕ್ಕೆಲ್ಲ ಬೇರೆ ಬೇರೆ ಭತ್ಯೆ ಅಂತ ಹೆಸರಿಟ್ಟ ಕಂಪನಿಗೂ ಪೂರ್ತಿ ತಪ್ಪಿಸಿಕೊಳ್ಳಲು ಆಗಲ್ಲ.

ನಮ್ಮ ಆಪರೇಟರ್‌ಗೆ ಹೊಸ ಲೆಕ್ಕವನ್ನೇ ಹಿಡಿದರೂ ವೇತನ 18,000. ಅರ್ಧ ಅಂದರೆ 9,000, ದಿನಕ್ಕೆ 300. ಜೂನ್‌ನಲ್ಲಿ 21 ದಿನ ಆಗುತ್ತದೆ, 6,300 ರೂಪಾಯಿ. ಜುಲೈ, ಆಗಸ್ಟ್‌ಗೆ ತಲಾ 9,000. 90ನೇ ದಿನ ಬರುವುದು ಸೆಪ್ಟೆಂಬರ್ 7ಕ್ಕೆ. ಈ ತಿಂಗಳನ್ನು ಮಾತ್ರ ಎರಡು ಭಾಗ ಮಾಡಬೇಕು: ಮೊದಲ 7 ದಿನಕ್ಕೆ 300ರಂತೆ 2,100, ಉಳಿದ 23 ದಿನಕ್ಕೆ 450ರಂತೆ 10,350, ಒಟ್ಟು 12,450. ಮುಂದಿನ ತಿಂಗಳಿಂದ 13,500. ಡಿಸೆಂಬರ್ 6ಕ್ಕೆ 180 ದಿನ ತುಂಬುತ್ತದೆ, ಆಮೇಲೆ ತಿಂಗಳಿಗೆ 16,200. ಕ್ಯಾಲೆಂಡರ್ ಮೇಲೆ ಈ ಎರಡು ದಿನಾಂಕಗಳಿಗೆ ಈಗಲೇ ಪೆನ್ನಿನಲ್ಲಿ ಗುರುತು ಹಾಕಿಬಿಡಿ, ಏಕೆಂದರೆ ದರ ತಾನಾಗೇ ಏರಿಸುವ ಅಕೌಂಟ್ಸ್ ವಿಭಾಗವನ್ನು ನಾನಂತೂ ಕಂಡಿಲ್ಲ.

ಇಎಸ್‌ಐಗೆ ಒಳಪಟ್ಟವರಿಗೆ ಈ ಭತ್ಯೆಯಿಂದಲೂ ವಂತಿಗೆ ಹಿಡಿಯುತ್ತಾರೆ. ಅದು ಸರಿಯೇ, ಸುಪ್ರೀಂ ಕೋರ್ಟ್ 1997ರಲ್ಲೇ ಹಾಗೆ ಹೇಳಿದೆ. ವಂತಿಗೆ ಹೋಗುತ್ತಿದ್ದರೆ ಆಸ್ಪತ್ರೆ ಸೌಲಭ್ಯವೂ ಉಳಿಯುತ್ತದೆ ಅಲ್ವಾ, ಜಗಳ ಬೇಡ.

ತಿಂಗಳಿಗೊಂದು ಪತ್ರ

ಭತ್ಯೆ ಪಡೆಯುವಾಗ ಬೇರೆ ಕಡೆ ಕೆಲಸ ಮಾಡುವ ಹಾಗಿಲ್ಲ. ಅದಕ್ಕೇ ಕಂಪನಿಗಳು, ಬೇರೆಲ್ಲೂ ಕೆಲಸಕ್ಕಿಲ್ಲ ಅಂತ ಬರೆದುಕೊಡಿ ಅನ್ನುತ್ತವೆ. ಬರೆದುಕೊಡಲಿಲ್ಲ ಅನ್ನುವ ಕಾರಣ ಮುಂದಿಟ್ಟೇ ತಿಂಗಳುಗಟ್ಟಲೆ ಹಣ ತಡೆಯುವುದೂ ಉಂಟು. ಅವರು ಕೇಳುವವರೆಗೆ ಕಾಯಬೇಡಿ. ಪ್ರತಿ ತಿಂಗಳ ಕೊನೇ ದಿನ ಇಷ್ಟು ಬರೆದು ಕಳಿಸಿ:

"ನಾನು ತಾರೀಖು 10 ಜೂನ್‌ನಿಂದ ಅಮಾನತಿನಲ್ಲಿದ್ದೇನೆ. ಈ ತಿಂಗಳಲ್ಲಿ ಬೇರೆ ಯಾವುದೇ ಕಡೆ ಉದ್ಯೋಗ ಮಾಡಿರುವುದಿಲ್ಲ. ಈ ತಿಂಗಳ ಜೀವನಾಧಾರ ಭತ್ಯೆಯನ್ನು ನನ್ನ ಬ್ಯಾಂಕ್ ಖಾತೆಗೆ ಜಮಾ ಮಾಡಬೇಕಾಗಿ ಕೋರುತ್ತೇನೆ."

ಅಷ್ಟು ಸಾಕು. ನಿಮ್ಮ ಮೇಲಿನ ಆರೋಪ ಸುಳ್ಳು, ಸೂಪರ್‌ವೈಸರ್‌ಗೆ ನಿಮ್ಮ ಮೇಲೆ ದ್ವೇಷ, ಇವೆಲ್ಲ ಈ ಪತ್ರದಲ್ಲಿ ಬೇಡ. ಸ್ಪೀಡ್ ಪೋಸ್ಟ್ ಮಾಡಿ ರಸೀದಿಯನ್ನು ಪತ್ರದ ನಕಲಿಗೆ ಪಿನ್ ಹಾಕಿಡಿ, ಇಲ್ಲವೇ ಇಮೇಲ್ ಕಳಿಸಿ.

ತಡ ಯಾರಿಂದ ಆಯ್ತು?

90 ದಿನದ ನಂತರದ ಹೆಚ್ಚಳಕ್ಕೆ ಒಂದು ಷರತ್ತಿದೆ: ವಿಚಾರಣೆ ತಡವಾಗಿದ್ದು ನೇರವಾಗಿ ನಿಮ್ಮ ನಡವಳಿಕೆಯಿಂದ ಆಗಿರಬಾರದು. ಮ್ಯಾನೇಜ್‌ಮೆಂಟ್ ಹೆಚ್ಚು ಕೆದಕುವುದು ಇಲ್ಲೇ. ನೀವು ಎರಡು ಸಲ ಮುಂದೂಡಿಕೆ ಕೇಳಿದ್ದನ್ನು ಹಿಡಿದು, ತಡ ನಿಮ್ಮಿಂದಲೇ ಅಂದುಬಿಡುತ್ತಾರೆ, ಅವರ ಸಾಕ್ಷಿಯೇ ನಾಲ್ಕು ಸಲ ಬಂದಿಲ್ಲ ಅನ್ನುವುದು ಯಾರಿಗೂ ನೆನಪಿರಲ್ಲ. ಒಂದು ನೋಟ್‌ಬುಕ್ ಇಡಿ. ಚಾರ್ಜ್‌ಶೀಟ್ ಯಾವತ್ತು ಬಂತು, ಉತ್ತರ ಯಾವತ್ತು ಕೊಟ್ಟಿರಿ, ಪ್ರತಿ ಸಿಟ್ಟಿಂಗ್ ಯಾವತ್ತು, ಮುಂದೂಡಿದ್ದರೆ ಯಾರ ಕೋರಿಕೆ ಮೇಲೆ. ಪ್ರತಿ ಸಿಟ್ಟಿಂಗ್‌ನ ನಡಾವಳಿಯ ನಕಲನ್ನು ಅವತ್ತೇ ಕೇಳಿ ಪಡೆಯಿರಿ. ಮುಂದೂಡಿದ ಕಾರಣವನ್ನು ಅದರಲ್ಲಿ ಬರೆಯದಿದ್ದರೆ, ಬರೆಸಿದ ಮೇಲೇ ಸಹಿ ಮಾಡಿ.

ಹಣ ಕೊಡದೆ ವಿಚಾರಣೆ ಶುರು ಮಾಡಿದರೆ

ಇದಕ್ಕೆ ನಮ್ಮ ಕೋಲಾರದ್ದೇ ಕಥೆ ಇದೆ. ಕ್ಯಾಪ್ಟನ್ ಎಂ. ಪೌಲ್ ಆಂಟನಿ ಅನ್ನುವವರು ಕೆಜಿಎಫ್‌ನ ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿ. 1985ರ ಜೂನ್‌ನಲ್ಲಿ ಪೊಲೀಸರು ಅವರ ಮನೆ ಮೇಲೆ ದಾಳಿ ಮಾಡಿ ಚಿನ್ನ ಸಿಕ್ಕಿತು ಅಂದರು, ಕ್ರಿಮಿನಲ್ ಕೇಸಾಯಿತು, ಇತ್ತ ಕಂಪನಿ ಅಮಾನತು ಮಾಡಿ ಇಲಾಖಾ ವಿಚಾರಣೆಯನ್ನೂ ಶುರು ಮಾಡಿತು. ಅವರು ಆಗ ಕೇರಳದ ತಮ್ಮ ಊರಿನಲ್ಲಿದ್ದರು. ಜೀವನಾಧಾರ ಭತ್ಯೆ ಬಂದಿರಲಿಲ್ಲ. ಹುಷಾರೂ ಇಲ್ಲ, ಬರಲು ದುಡ್ಡೂ ಇಲ್ಲ ಅಂದರೂ ಕೇಳದೆ ಅವರಿಲ್ಲದೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. ಮಾರನೇ ವರ್ಷ ಕ್ರಿಮಿನಲ್ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಸುಪ್ರೀಂ ಕೋರ್ಟ್ 1999ರಲ್ಲಿ ವಜಾ ಆದೇಶವನ್ನು ರದ್ದು ಮಾಡಿ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಲು ಹೇಳಿತು. ಒಂದು ಮುಖ್ಯ ಕಾರಣ ಇದೇ: ಭತ್ಯೆ ಕೊಡದೆ, ಬರಲಾಗದ ಸ್ಥಿತಿಯಲ್ಲಿ ಇಟ್ಟು, ಬೆನ್ನ ಹಿಂದೆ ನಡೆಸಿದ ವಿಚಾರಣೆ ನಿಲ್ಲುವುದಿಲ್ಲ.

ಇದನ್ನು ಕೇಳಿದವರು, ಹಾಗಾದರೆ ದುಡ್ಡು ಕೊಡುವವರೆಗೆ ವಿಚಾರಣೆಗೇ ಹೋಗಲ್ಲ ಅಂತ ಮನೇಲಿ ಕೂರುತ್ತಾರೆ. ದಯವಿಟ್ಟು ಸುಮ್ನೆ ಕೂರಬೇಡಿ! ಭತ್ಯೆ ಕೊಡದಿದ್ದರಿಂದ ನಿಮ್ಮ ವಾದಕ್ಕೆ ನಿಜಕ್ಕೂ ಪೆಟ್ಟು ಬಿತ್ತು ಅಂತ ತೋರಿಸಬೇಕು ಎಂದು ಅದೇ ಸುಪ್ರೀಂ ಕೋರ್ಟ್ ಆಮೇಲಿನ ತೀರ್ಪುಗಳಲ್ಲಿ ಹೇಳಿದೆ. ಫ್ಯಾಕ್ಟರಿ ಪಕ್ಕದ ಬೀದಿಯಲ್ಲೇ ಮನೆ ಇದ್ದು, ಎಲ್ಲಾ ಸಿಟ್ಟಿಂಗ್‌ಗೂ ಬಂದು, ಸಾಕ್ಷಿಗಳನ್ನು ಪ್ರಶ್ನೆ ಮಾಡಿದವರು ಕೊನೆಗೆ ಭತ್ಯೆ ಬರಲಿಲ್ಲ ಅಂದರೆ ವಿಚಾರಣೆ ಬಿದ್ದುಹೋಗಲ್ಲ. ಬಾಕಿ ಹಣ ಮಾತ್ರ ಕೇಳಬಹುದು.

ಹಾಗಾಗಿ ಆ ಕಷ್ಟವನ್ನು ಆಗಿಂದಾಗಲೇ ಬರವಣಿಗೆಯಲ್ಲಿ ಇಡಬೇಕು. ವಿಚಾರಣಾಧಿಕಾರಿಗೆ, ಕಂಪನಿಗೆ, ಇಬ್ಬರಿಗೂ ಬರೆಯಿರಿ: ಇಂತಿಷ್ಟು ತಿಂಗಳ ಭತ್ಯೆ ಬಂದಿಲ್ಲ, ಊರಿಂದ ಬಂದುಹೋಗಲು ಹಣವಿಲ್ಲ, ಸಹಾಯಕ್ಕೆ ಸಹೋದ್ಯೋಗಿಯನ್ನು ಕರೆತರಲೂ ಆಗುತ್ತಿಲ್ಲ, ಭತ್ಯೆ ಕೊಟ್ಟು ಬೇರೆ ದಿನಾಂಕ ನಿಗದಿ ಮಾಡಿ. ಹೋಗಲು ಸಾಧ್ಯವಿದ್ದರೆ ಹೋಗಿ, ಇದೇ ಮಾತನ್ನು ನಡಾವಳಿಯಲ್ಲಿ ಬರೆಸಿ. ಸುಮಾರು 15 ದಿನ ಕಾದು, ಹಣ ಬರದಿದ್ದರೆ ಆರ್ಡರ್, ಪತ್ರಗಳ ನಕಲು, ಹಿಂದಿನ ಮೂರು ತಿಂಗಳ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ನಿಮ್ಮ ವ್ಯಾಪ್ತಿಯ ಕಾರ್ಮಿಕ ಅಧಿಕಾರಿಯ ಕಚೇರಿಗೆ ದೂರು ಕೊಡಿ. ದೂರಿನಲ್ಲಿ ಬರೀ "ಭತ್ಯೆ ಕೊಡಿಸಿ" ಅಂತ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. ತಿಂಗಳು, ದಿನಗಳ ಸಂಖ್ಯೆ, ದರ, ಬರಬೇಕಾದದ್ದು, ಬಂದದ್ದು ಅಂತ ಮೇಲೆ ಮಾಡಿದ ಹಾಗೆ ಲೆಕ್ಕ ಹಾಕಿ ಲಗತ್ತಿಸಿ. ಆ ಪಟ್ಟಿಯ ಮುಂದೆ ಮ್ಯಾನೇಜ್‌ಮೆಂಟ್ ಪ್ರತಿನಿಧಿ ಬಾಯಿಮಾತಿನಲ್ಲಿ ತಪ್ಪಿಸಿಕೊಳ್ಳುವುದು ಕಷ್ಟ.

ಕೊನೆಗೆ ಉಳಿದ ಅರ್ಧ

ವಿಚಾರಣೆ ಮುಗಿದ ಮೇಲೆ ಏನು? ವಜಾ ಆದರೆ ಅಮಾನತಿನ ಅವಧಿಗೆ ಬೇರೆ ಸಂಬಳ ಸಿಗಲ್ಲ, ಆದರೆ ಕೊಟ್ಟ ಭತ್ಯೆಯನ್ನು ವಾಪಸ್ ಕೇಳುವ ಹಾಗೂ ಇಲ್ಲ. ಮಾದರಿ ಸ್ಥಾಯಿ ಆದೇಶಗಳಲ್ಲಿ ಇದು ಬರೆದೇ ಇದೆ. ಕೊನೇ ಲೆಕ್ಕದಲ್ಲಿ ಸದ್ದಿಲ್ಲದೆ ಮುರಿದುಕೊಂಡಿದ್ದಾರಾ ಅಂತ ನೋಡಿ.

ಆರೋಪ ಸಾಬೀತಾಗದಿದ್ದರೆ ಆ ದಿನಗಳಲ್ಲೂ ಕೆಲಸದಲ್ಲೇ ಇದ್ದಿರಿ ಅಂತ ಲೆಕ್ಕ, ಪೂರ್ತಿ ಸಂಬಳ ಬರಬೇಕು. ನಮ್ಮ ಆಪರೇಟರ್ 120 ದಿನ ಹೊರಗಿದ್ದು ನಿರ್ದೋಷಿ ಅಂತ ಆದರು ಅನ್ನಿ. ಮೊದಲ 90 ದಿನಕ್ಕೆ 27,000, ಮುಂದಿನ 30 ದಿನಕ್ಕೆ 13,500, ಒಟ್ಟು 40,500 ಭತ್ಯೆ ಬಂದಿದೆ. ದಿನಕ್ಕೆ 800ರಂತೆ ಮನೆ ಬಾಡಿಗೆ ಭತ್ಯೆಯೂ ಸೇರಿದ ಪೂರ್ತಿ ಸಂಬಳ 96,000. ಬಾಕಿ 55,500 ರೂಪಾಯಿ. ವಾಪಸ್ ಕೆಲಸಕ್ಕೆ ಹಾಜರಾಗುವ ದಿನ ಕೆಲವು ಕಡೆ "ಹಿಂದಿನ ಯಾವುದೇ ಬಾಕಿ ಕೇಳುವುದಿಲ್ಲ" ಅನ್ನುವ ಒಂದು ಸಾಲನ್ನು ಜಾಯಿನಿಂಗ್ ರಿಪೋರ್ಟ್‌ನಲ್ಲಿ ಸೇರಿಸಿ ಸಹಿ ಕೇಳುತ್ತಾರೆ. ಆ ಸಾಲು ಹೊಡೆದುಹಾಕಿ ಸಹಿ ಮಾಡಿ.