ಶುಕ್ರವಾರದ ಗಡುವು, ಬುಧವಾರದ ಆಫರ್

ನಾನು ಬೆಂಗಳೂರಿನಲ್ಲಿ ಬ್ಯಾಕೆಂಡ್ ಡೆವಲಪರ್. ಹಿಂದಿನ ಕೆಲಸ ಬಿಡೋಣ ಅಂತ ಹೊರಟಾಗ ಎರಡು ಕಂಪನಿಗಳಲ್ಲಿ ಇಂಟರ್‌ವ್ಯೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯಿತು, ಆದರೆ ಆಫರ್‌ಗಳು ಒಟ್ಟಿಗೆ ಬರಲಿಲ್ಲ. ಬೆಳ್ಳಂದೂರಿನ ಕಂಪನಿ ಮಂಗಳವಾರ ಮಧ್ಯಾಹ್ನ ಆಫರ್ ಲೆಟರ್ ಕಳಿಸಿ, ಶುಕ್ರವಾರ ಸಂಜೆಯೊಳಗೆ ಉತ್ತರ ಕೊಡಿ ಅಂದಿತು. ಮಾನ್ಯತಾ ಟೆಕ್ ಪಾರ್ಕಿನ ಕಂಪನಿಯಲ್ಲಿ ಮ್ಯಾನೇಜರ್ ಬಾಯಿಮಾತಲ್ಲಿ ‘ಆಯ್ತು’ ಅಂದಿದ್ದರು, ಆದರೆ ಸಂಬಳದ ಅನುಮೋದನೆ ಮುಂದಿನ ಸೋಮವಾರ, ಲೆಟರ್ ಬುಧವಾರ ಅಂತ ಎಚ್‌ಆರ್ ಹೇಳಿತ್ತು. ನನಗೆ ಬೇಕಿದ್ದದ್ದು ಎರಡನೆಯದು. ಮನೆ ಸಹಕಾರನಗರದಲ್ಲಿ, ಅಲ್ಲಿಂದ ದಿನಾ ಬೆಳ್ಳಂದೂರಿಗೆ ಹೋಗಿ ಬರುವುದು ಏನು ಅಂತ ಔಟರ್ ರಿಂಗ್ ರೋಡ್ ಕಂಡವರಿಗೆ ಗೊತ್ತು.

ಇಂಥ ಹೊತ್ತಲ್ಲಿ ಗೆಳೆಯರು ಕೊಡುವ ಸಲಹೆ ಒಂದೇ: “ಮೊದಲನೇದಕ್ಕೆ ಅಕ್ಸೆಪ್ಟ್ ಒತ್ತಿಬಿಡು, ಎರಡನೇದು ಬಂದಾಗ ನೋಡ್ಕೊಳ್ಳೋಣ.” ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಅಕ್ಸೆಪ್ಟ್ ಮಾಡಿದ ಕೂಡಲೇ ಮೊದಲನೇ ಕಂಪನಿ ರಾಜೀನಾಮೆ ಸ್ವೀಕೃತವಾದ ಮೇಲ್‌ನ ಪ್ರತಿ ಕೇಳುವುದಿತ್ತು. ಅಂದರೆ ಎರಡನೆಯದರ ಮುಖ ನೋಡುವ ಮೊದಲೇ ಇರುವ ಕೆಲಸಕ್ಕೆ ರಾಜೀನಾಮೆ ಹೋಗಿಬಿಡುತ್ತದೆ. ಅದು ಬೇಡ ಅನ್ನಿಸಿ ಸಮಯ ಕೇಳುವುದೆಂದು ನಿಶ್ಚಯಿಸಿದೆ.

ಕೇಳುವ ಮೊದಲು ಯೋಚಿಸಬೇಕಾದ್ದು, ಈ ಶುಕ್ರವಾರ ಅನ್ನುವುದು ಎಲ್ಲಿಂದ ಬಂತು ಅಂತ. ನಮ್ಮಲ್ಲಿ ನೋಟಿಸ್ ಪೀರಿಯಡ್ 90 ದಿನ. ನಾನು ಇವತ್ತೇ ಹೂಂ ಅಂದರೂ ಅವರ ಆಫೀಸಿಗೆ ಕಾಲಿಡುವುದು ಮೂರು ತಿಂಗಳ ನಂತರ. ಹಾಗಿರುವಾಗ ನಾಲ್ಕು ದಿನ ತಡವಾದರೆ ಕೆಲಸವೇನೂ ನಿಲ್ಲುವುದಿಲ್ಲ. ಅವರಿಗಿರುವ ಚಿಂತೆ ಬೇರೆ, ಅದು ಎರಡು ತರದ್ದು. ಒಂದು, ನನ್ನ ಹಿಂದೆ ಕಾಯಿಸಿಟ್ಟಿರುವ ಇನ್ನೊಬ್ಬ ಅಭ್ಯರ್ಥಿ. ನಾನು ಕಡೆಗೆ ಕೈಕೊಟ್ಟರೆ ಅಷ್ಟರಲ್ಲಿ ಅವರೂ ಬೇರೆ ಕಡೆ ಸೇರಿರುತ್ತಾರೆ. ಇನ್ನೊಂದು, ಸೇರುವ ದಿನಾಂಕ. ಅದನ್ನು ಟೀಮಿನ ಪ್ಲಾನಿನಲ್ಲಿ ಬರೆದುಕೊಂಡಾಗಿರುತ್ತದೆ. ಹಾಗಾದರೆ ನಾನು ಸಮಯ ಕೇಳುವಾಗ ಈ ಎರಡಕ್ಕೂ ಉತ್ತರ ಇಟ್ಟುಕೊಂಡೇ ಕೇಳಬೇಕು. “ಯೋಚನೆ ಮಾಡೋಕೆ ಸ್ವಲ್ಪ ಟೈಮ್ ಕೊಡಿ” ಅಂದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಸೇರುವ ದಿನಾಂಕದ ಲೆಕ್ಕ ಮೊದಲು ಮಾಡಿದೆ. ನನ್ನ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿದರೆ, ಮ್ಯಾನೇಜರ್ ಒಪ್ಪಿದರೆ ನೋಟಿಸಿನ ಕೊನೆಯ ಕೆಲವು ದಿನಗಳನ್ನು ದುಡ್ಡು ಕಟ್ಟಿ ಬಿಡಿಸಿಕೊಳ್ಳಬಹುದು, ಕಡಿತ ಬೇಸಿಕ್ ಅಂದರೆ ಮೂಲವೇತನದ ಮೇಲೆ ಅಂತಿತ್ತು. ಕೆಲವು ಕಂಪನಿಗಳಲ್ಲಿ ಭತ್ಯೆಗಳೂ ಸೇರಿದ ಗ್ರಾಸ್ ಮೇಲೆ ಹಿಡಿಯುತ್ತಾರೆ, ಆಗ ಮೊತ್ತ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಲೆಟರ್ ಓದದೆ ಮಾತು ಕೊಡಬಾರದು. ನನ್ನ ಬೇಸಿಕ್ ತಿಂಗಳಿಗೆ 60,000. ಶುಕ್ರವಾರದಿಂದ ಮುಂದಿನ ಗುರುವಾರಕ್ಕೆ ಆರು ದಿನ, ಅಷ್ಟಕ್ಕೆ 12,000 ರೂಪಾಯಿ. ಉತ್ತರ ತಡವಾದಷ್ಟು ದಿನ ರಾಜೀನಾಮೆಯೂ ತಡವಾಗುತ್ತದೆ, ಆ ದಿನಗಳನ್ನು ನೋಟಿಸಿನ ಕೊನೆಯಲ್ಲಿ ನಾನೇ ದುಡ್ಡು ಕಟ್ಟಿ ತುಂಬಿಕೊಡುತ್ತೇನೆ, ಸೇರುವ ದಿನಾಂಕ ಲೆಟರ್‌ನಲ್ಲಿ ಇದ್ದದ್ದೇ ಇರಲಿ ಅನ್ನಬಹುದಿತ್ತು. ಮ್ಯಾನೇಜರ್ ಬಿಡದಿದ್ದರೆ ಈ ದಾರಿ ಇಲ್ಲ. ನಮ್ಮ ಟೀಮಿನಲ್ಲಿ ಹಿಂದೆ ಹೋದವರಿಗೆ ಬಿಟ್ಟಿದ್ದರು ಅನ್ನುವುದಷ್ಟೇ ನನಗಿದ್ದ ಧೈರ್ಯ.

ಇನ್ನೊಂದು ನಿರ್ಧಾರವನ್ನೂ ಫೋನ್ ಮಾಡುವ ಮೊದಲೇ ಮಾಡಿಟ್ಟುಕೊಂಡೆ. ಅವರು ಒಂದು ದಿನವೂ ಕೊಡೋದಿಲ್ಲ ಅಂದರೆ ಶುಕ್ರವಾರ ಮೊದಲನೇದನ್ನೇ ಒಪ್ಪಿ, ಮಾನ್ಯತಾದವರಿಗೆ ಬೇಡ ಅಂತ ತಿಳಿಸುವುದು. ಕೈಯಲ್ಲಿರುವ ಲೆಟರ್ ಬಿಟ್ಟು ಬಾಯಿಮಾತಿನ ಹಿಂದೆ ಹೋಗುವ ಶಕ್ತಿ ನನ್ನ ಹೋಮ್ ಲೋನಿಗಿರಲಿಲ್ಲ. ಇದು ಖಾತ್ರಿಯಾದ ಮೇಲೆ ಫೋನಿನಲ್ಲಿ ಗೋಗರೆಯುವ ದನಿ ಬರುವುದಿಲ್ಲ.

ಬುಧವಾರ ಬೆಳಿಗ್ಗೆಯೇ ಫೋನ್ ಮಾಡಿದೆ, ಶುಕ್ರವಾರದವರೆಗೆ ಕಾಯಲಿಲ್ಲ. ರಿಕ್ರೂಟರ್ ತಾವೇ ಹೂಂ ಅನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರು ಹೈರಿಂಗ್ ಮ್ಯಾನೇಜರನ್ನು ಕೇಳಬೇಕು. ಶುಕ್ರವಾರ ನಾಲ್ಕು ಗಂಟೆಗೆ ಕೇಳಿದರೆ ಕೇಳುವವರಿಗೂ ಹೇಳುವವರಿಗೂ ಇಲ್ಲ ಅನ್ನುವುದೇ ಸುಲಭ. ಮೇಲ್ ಬದಲು ಮೊದಲು ಫೋನ್ ಮಾಡಿದ್ದಕ್ಕೂ ಕಾರಣವಿತ್ತು: ಬರೀ ಮೇಲ್ ಕಂಡರೆ ‘ಇವನು ಬೇಡ ಅಂತ ಪೀಠಿಕೆ ಹಾಕ್ತಿದ್ದಾನೆ’ ಅನ್ನಿಸುತ್ತದೆ.

“ಮೇಡಂ, ಲೆಟರ್ ನೋಡಿದೆ, ತುಂಬಾ ಥ್ಯಾಂಕ್ಸ್. ಒಂದು ವಿಷಯ ನೇರವಾಗಿ ಹೇಳಿಬಿಡ್ತೀನಿ. ಇನ್ನೊಂದು ಕಡೆ ಎಲ್ಲ ರೌಂಡ್ ಮುಗಿದಿದೆ, ಅವರ ಉತ್ತರ ಮುಂದಿನ ಬುಧವಾರ ಬರುತ್ತೆ. ಎರಡನ್ನೂ ನೋಡಿ ಒಪ್ಪಿಕೊಂಡ್ರೆ ಆಮೇಲೆ ಹಿಂದೆ ಸರಿಯೋ ಪ್ರಶ್ನೆ ಇರಲ್ಲ. ಗುರುವಾರ ಮಧ್ಯಾಹ್ನದವರೆಗೆ ಸಮಯ ಸಿಗಬಹುದಾ?”

“ನಮ್ಮಲ್ಲಿ ಮೂರು ದಿನದ ಮೇಲೆ ಕೊಡೋದಿಲ್ಲ ಸರ್.”

“ನಿಮ್ಮ ಕಷ್ಟ ಅರ್ಥ ಆಗುತ್ತೆ. ನೀವು ಬೇರೆಯವರನ್ನ ಕಾಯಿಸಿಟ್ಟಿರೋದಕ್ಕೆ ಈ ಡೇಟ್ ಇಟ್ಟಿದ್ದಾ, ಇಲ್ಲ ಜಾಯ್ನಿಂಗ್ ತಡ ಆಗುತ್ತೆ ಅಂತಾನಾ? ಜಾಯ್ನಿಂಗ್ ಆದ್ರೆ ಅದು ತಡ ಆಗಲ್ಲ, ನೋಟಿಸಿನ ಕೊನೇ ದಿನಗಳನ್ನ ನಾನೇ ಬೈಔಟ್ ಮಾಡ್ಕೊಳ್ತೀನಿ.”

ಅವರು ಒಂದು ಕ್ಷಣ ಸುಮ್ಮನಿದ್ದು, “ಮ್ಯಾನೇಜರ್ ಹತ್ರ ಮಾತಾಡಿ ಹೇಳ್ತೀನಿ” ಅಂದರು. ಈ ಮಾತು ಬಂದರೆ ಗಡುವು ಅಲುಗಾಡುತ್ತದೆ ಅಂತಲೇ ಅರ್ಥ. ನಿಜಕ್ಕೂ ಅಲುಗಾಡದ ಗಡುವಾದರೆ ‘ಸೋಮವಾರ ಇನ್ನೊಬ್ಬರಿಗೆ ಆಫರ್ ಹೋಗುತ್ತೆ’ ಅಂತಲೋ, ‘ಈ ತಿಂಗಳು ಮುಗಿದ್ರೆ ಪೊಸಿಷನ್ ಕ್ಲೋಸ್’ ಅಂತಲೋ ಕಾರಣ ಕೂಡಲೇ ಬರುತ್ತದೆ. ಅಂಥ ಕಾರಣ ಕೇಳಿದ ಮೇಲೆ ಮತ್ತೆ ಒತ್ತಾಯಿಸುವುದರಲ್ಲಿ ಅರ್ಥವಿಲ್ಲ.

‘ಮನೆಯಲ್ಲಿ ಮಾತಾಡಬೇಕು’ ಅನ್ನುವ ನೆಪ ಯಾಕೆ ಹೇಳಲಿಲ್ಲ ಅಂತ ತಮ್ಮ ಕೇಳಿದ. ಅದನ್ನು ರಿಕ್ರೂಟರ್‌ಗಳು ದಿನಬೆಳಗಾದರೆ ಕೇಳುತ್ತಾರೆ, ಹೆಚ್ಚೆಂದರೆ ಶನಿವಾರ ಭಾನುವಾರ ಸಿಗುತ್ತದೆ. ಆಮೇಲೆ ಬೇರೆ ಕಡೆ ಸೇರಿದ್ದು ಗೊತ್ತಾದರೆ ಸುಳ್ಳುಗಾರ ಅನ್ನಿಸಿಕೊಳ್ಳುವುದೂ ಖಂಡಿತ. ಹಾಗಂತ ಕಂಪನಿಯ ಹೆಸರು ಹೇಳಲಿಲ್ಲ, ಅವರು ಕೇಳಿದರೂ ಕೂಡ. ಅದನ್ನು ಹೇಳಬೇಕಾದ ಜರೂರು ಯಾರಿಗೂ ಇಲ್ಲ.

ಫೋನಿಟ್ಟ ಹತ್ತು ನಿಮಿಷದಲ್ಲಿ ಮೇಲ್ ಕಳಿಸಿದೆ. ಇಂಗ್ಲಿಷಿನಲ್ಲೇ ಬರೆದದ್ದು, ಸಾರ ಹೀಗಿತ್ತು: “ಆಫರ್‌ಗಾಗಿ ಧನ್ಯವಾದ, ಟೀಮಿನ ಕೆಲಸ ನನಗೆ ಹಿಡಿಸಿದೆ. ಫೋನಿನಲ್ಲಿ ಹೇಳಿದಂತೆ ಇನ್ನೊಂದು ಪ್ರಕ್ರಿಯೆ ಕೊನೆಯ ಹಂತದಲ್ಲಿದೆ, ಆದ್ದರಿಂದ ಮುಂದಿನ ಗುರುವಾರ ಮಧ್ಯಾಹ್ನ 12ರವರೆಗೆ ಸಮಯ ಕೋರುತ್ತೇನೆ. ಲೆಟರ್‌ನಲ್ಲಿರುವ ಸೇರುವ ದಿನಾಂಕ ಬದಲಾಗದಂತೆ ನೋಡಿಕೊಳ್ಳುತ್ತೇನೆ. ಇದು ಸಾಧ್ಯವಾಗದಿದ್ದರೆ ನಿಮಗೆ ಅನುಕೂಲವಾದ ಕೊನೆಯ ದಿನ ತಿಳಿಸಿ.” ಕೊನೆಯ ವಾಕ್ಯ ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ. ಅದಿಲ್ಲದಿದ್ದರೆ ಅವರಿಗೆ ಹೌದು ಇಲ್ಲ ಎರಡೇ ದಾರಿ. ಅದಿದ್ದರೆ ನಡುವಿನ ಒಂದು ದಿನ ಹೇಳಲು ಜಾಗವಿರುತ್ತದೆ. ಆದದ್ದೂ ಹಾಗೇ. ಸಂಜೆ ಉತ್ತರ ಬಂತು: ಮಂಗಳವಾರ ಸಂಜೆ ಆರರವರೆಗೆ, ಅದರ ಮೇಲೆ ಆಗುವುದಿಲ್ಲ.

ಇಲ್ಲೊಂದು ಸಣ್ಣ ವಿಷಯ. ಆಫರ್ ಲೆಟರ್ ಪೋರ್ಟಲ್‌ನಲ್ಲಿ ಬಂದಿತ್ತು, ಅದರ ತಲೆಯ ಮೇಲೆ ಶುಕ್ರವಾರದ ದಿನಾಂಕ ಹಾಗೇ ಇತ್ತು. ಮೇಲ್‌ನಲ್ಲಿ ಮಂಗಳವಾರ ಅಂದರೂ ಶುಕ್ರವಾರ ರಾತ್ರಿ ಅಕ್ಸೆಪ್ಟ್ ಬಟನ್ ಸತ್ತುಹೋದರೆ ಮತ್ತೆ ಅನುಮೋದನೆಯ ತಿರುಗಾಟ. “ಪೋರ್ಟಲ್‌ನಲ್ಲೂ ಡೇಟ್ ಬದಲಿಸ್ತೀರಾ?” ಅಂತ ಕೇಳಿದೆ. ಮರುದಿನ ಹೊಸ ಲಿಂಕ್ ಬಂತು.

ಅರ್ಧ ಕೆಲಸ ಮುಗಿಯಿತು. ಒಂದು ದಿನ ಇನ್ನೂ ಸಾಲದು, ಅದನ್ನು ಎರಡನೇ ಕಡೆಯಿಂದ ಎಳೆದುಕೊಳ್ಳಬೇಕು. ಮಾನ್ಯತಾದ ಎಚ್‌ಆರ್‌ಗೆ ಗುರುವಾರ ಫೋನ್ ಮಾಡಿ, ಬರಹದಲ್ಲಿ ಇನ್ನೊಂದು ಆಫರ್ ಇದೆ, ಮಂಗಳವಾರ ಸಂಜೆಯೊಳಗೆ ಉತ್ತರ ಕೊಡಬೇಕು, ನಿಮ್ಮದೇ ನನ್ನ ಮೊದಲ ಆಯ್ಕೆ, ಸೋಮವಾರ ಅನುಮೋದನೆಯಾದ ಕೂಡಲೇ ಅಂಕಿಗಳನ್ನು ಬರಹದಲ್ಲಿ ಕಳಿಸಬಹುದೇ ಅಂತ ಕೇಳಿದೆ. ‘ಮೊದಲ ಆಯ್ಕೆ’ ಅನ್ನುವುದು ನಿಜವಾಗಿದ್ದರೆ ಮಾತ್ರ ಹೇಳಬೇಕಾದ ಮಾತು. ಅದೇ ಸಂಬಳದ ಚೌಕಾಸಿಗೆ ಅಡ್ಡಬರುತ್ತದೆ ಅನ್ನುವವರೂ ಇದ್ದಾರೆ, ಅವರ ಮಾತಿನಲ್ಲೂ ನಿಜವಿದೆ. ನನಗೆ ಆ ಹೊತ್ತಿಗೆ ಬೇಕಿದ್ದದ್ದು ವೇಗ.

“ನಮ್ಮ ಕಡೆಯಿಂದ ಏನಾದ್ರೂ ಬಾಕಿ ಇದೆಯಾ?” ಅಂತಲೂ ಕೇಳಿದೆ. ಕೇಳಿದ್ದು ಒಳ್ಳೆಯದಾಯಿತು. ಮೂರು ತಿಂಗಳ ಪೇಸ್ಲಿಪ್ ಕೊಟ್ಟಿದ್ದೆ. ಫಾರ್ಮ್ 16 ಇನ್ನೂ ಅವರು ಕೇಳಿರಲಿಲ್ಲ, ಲೆಟರ್ ತಯಾರಿಸುವಾಗ ಕೇಳುವವರಿದ್ದರು. ಅದನ್ನೂ ಆಗಿನ ಕೆಲಸಕ್ಕಿಂತ ಮುಂಚೆ ಇದ್ದ ಕಂಪನಿಯ ರಿಲೀವಿಂಗ್ ಲೆಟರನ್ನೂ ಆವತ್ತೇ ಕಳಿಸಿದೆ. ಲೆಟರ್ ತಡವಾಗುವುದು ಬರೀ ಕಂಪನಿಯವರಿಂದ ಅಂದುಕೊಳ್ಳುತ್ತೇವೆ, ಎಷ್ಟೋ ಸಲ ಒಂದು ಪಿಡಿಎಫ್‌ಗೆ ಕಾದು ನಿಂತಿರುತ್ತದೆ.

ಸೋಮವಾರ ರಾತ್ರಿ ಸಂಬಳದ ವಿವರ ಮೇಲ್‌ನಲ್ಲಿ ಬಂತು. ಮೊದಲನೇ ಕಂಪನಿಯದು ವರ್ಷಕ್ಕೆ ಒಟ್ಟು 24 ಲಕ್ಷ, ಅದರಲ್ಲಿ ಕೆಲಸದ ಫಲಿತಾಂಶ ನೋಡಿ ಕೊಡುವ ವೇರಿಯಬಲ್ 3 ಲಕ್ಷ. ಎರಡನೆಯದು ಒಟ್ಟು 23 ಲಕ್ಷ, ವೇರಿಯಬಲ್ 1.2 ಲಕ್ಷ. ಮೇಲ್ನೋಟಕ್ಕೆ ಒಂದು ಲಕ್ಷ ಕಡಿಮೆ. ಫಿಕ್ಸೆಡ್ ನೋಡಿದರೆ 21 ಲಕ್ಷ ಮತ್ತು 21.8 ಲಕ್ಷ, ಅಂದರೆ ಎರಡನೆಯದರಲ್ಲೇ ತೆರಿಗೆಗೆ ಮೊದಲು ತಿಂಗಳಿಗೆ 6,600 ರೂಪಾಯಿ ಚಿಲ್ಲರೆ ಹೆಚ್ಚು. ವೇರಿಯಬಲ್ ಪೂರ್ತಿ ಕೈಗೆ ಬಂದ ವರ್ಷ ನನ್ನ ನೆನಪಿನಲ್ಲಿಲ್ಲ. ಬೆಳ್ಳಂದೂರಿನ ಪ್ರಯಾಣ ಲೆಕ್ಕಕ್ಕೇ ಬರಲಿಲ್ಲ, ಅದಿಲ್ಲದೆಯೂ ತೀರ್ಮಾನವಾಗಿತ್ತು.

ಆದರೆ ಮೇಲ್ ಬೇರೆ, ಆಫರ್ ಲೆಟರ್ ಬೇರೆ. ಬುಧವಾರದ ಲೆಟರ್‌ಗೆ ಕಾಯುವಂತಿರಲಿಲ್ಲ. ಮಂಗಳವಾರ ಬೆಳಿಗ್ಗೆ ಲೆಟರ್ ಆಫ್ ಇಂಟೆಂಟ್ ಆದರೂ ಕೊಡಿ ಅಂತ ಕೇಳಿದೆ. ಹನ್ನೊಂದೂವರೆಗೆ ಬಂತು: ಹುದ್ದೆ, ಫಿಕ್ಸೆಡ್ ಮೊತ್ತ, ಸೇರುವ ದಿನಾಂಕ, ಸಹಿ, ಎಲ್ಲ ಇತ್ತು. ಮೊತ್ತವಿಲ್ಲದೆ ‘ನಿಮ್ಮನ್ನು ಆಯ್ಕೆ ಮಾಡಲು ಉದ್ದೇಶಿಸಿದ್ದೇವೆ’ ಅಂತಷ್ಟೇ ಇದ್ದಿದ್ದರೆ ನಾನು ಮೊದಲನೇ ಕಂಪನಿಗೇ ಹೂಂ ಅನ್ನುತ್ತಿದ್ದೆ. ಮೊತ್ತ ಇದ್ದರೂ ಕೂಡ ಅದು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ಗೆ ಒಳಪಟ್ಟ ಕಾಗದ, ಪೂರ್ತಿ ಆಫರ್ ಅಲ್ಲ. ಅಷ್ಟು ಅಪಾಯ ಒಪ್ಪಿಕೊಂಡೆ, ಏಕೆಂದರೆ ಇರುವ ಕೆಲಸಕ್ಕೆ ಇನ್ನೂ ರಾಜೀನಾಮೆ ಕೊಟ್ಟಿರಲಿಲ್ಲ. ಅದನ್ನು ಕೊಟ್ಟದ್ದು ಪೂರ್ತಿ ಲೆಟರ್ ಬಂದ ಮೇಲೆಯೇ.

ಬೆಳ್ಳಂದೂರಿನವರಿಗೆ ಸಂಜೆ ಆರರವರೆಗೆ ಕಾಯದೆ ಮಧ್ಯಾಹ್ನ ಹನ್ನೆರಡಕ್ಕೇ ಫೋನ್ ಮಾಡಿದೆ. ಕೊಟ್ಟ ಸಮಯದ ಕೊನೆಯ ನಿಮಿಷ ಬಳಸಿ ಇಲ್ಲ ಅಂದರೆ ಅವರ ಇನ್ನೊಬ್ಬ ಅಭ್ಯರ್ಥಿಗೆ ಫೋನ್ ಹೋಗುವುದು ಮತ್ತೊಂದು ದಿನ ತಡ.

“ಮೇಡಂ, ಇನ್ನೊಂದು ಕಡೆ ಸೇರೋದು ಅಂತ ನಿರ್ಧಾರ ಆಯ್ತು. ನೀವು ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್.”

“ಎಷ್ಟಕ್ಕೆ ಸರ್? ನಾವು ಮ್ಯಾಚ್ ಮಾಡೋಕೆ ಟ್ರೈ ಮಾಡ್ತೀವಿ.”

ಮೊತ್ತ ಹೇಳಲಿಲ್ಲ. ಎರಡನ್ನೂ ನೋಡಿ ಒಪ್ಪಿಕೊಂಡ ಮೇಲೆ ಹಿಂದೆ ಸರಿಯಲ್ಲ ಅಂತ ಅವರಿಗೇ ಹೇಳಿದ್ದೆ, ಅದೇ ಮಾತು ಈಗ ಇನ್ನೊಂದು ಕಂಪನಿಗೂ ಅನ್ವಯಿಸುತ್ತದೆ ಅಂದೆ. “ಸರಿ ಸರ್, ಹಾಗಾದ್ರೆ ಪೋರ್ಟಲ್‌ನಲ್ಲಿ ಡಿಕ್ಲೈನ್ ಒತ್ತಿಬಿಡಿ, ಇಲ್ಲಾಂದ್ರೆ ನನಗೆ ಮುಂದಿನವರಿಗೆ ಆಫರ್ ರೈಸ್ ಮಾಡೋಕೆ ಆಗಲ್ಲ” ಅಂದರು. ಫೋನಿನಲ್ಲಿ ಇರುವಾಗಲೇ ಒತ್ತಿದೆ.