ಒಂಬತ್ತು ಮಿಲಿಮೀಟರಿನ ಕಲೆ: ಪ್ರಾಸ್ಟೇಟ್ ಎಂಆರ್‌ಐಗೆ ಅಂಕ ಕೊಡುವಾಗ ನನ್ನ ಅನುಭವ

ನಾನು ರೇಡಿಯಾಲಜಿ ವೈದ್ಯ. ಪ್ರಾಸ್ಟೇಟ್ ಗ್ರಂಥಿಯ ಎಂಆರ್‌ಐ ವರದಿ ಬರೆಯುವುದು ನನ್ನ ವಾರದ ಕೆಲಸಗಳಲ್ಲಿ ಒಂದು. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಕಣ್ಣಿಗೆ ಎದ್ದು ಕಾಣುತ್ತಿದ್ದ ದೊಡ್ಡ ಗಂಟು ನಿರುಪದ್ರವಿಯಾಗಿತ್ತು, ಬಯಾಪ್ಸಿಗೆ ದಾರಿ ತೋರಿಸಿದ್ದು ಮೊದಲ ನೋಟದಲ್ಲಿ ತಪ್ಪಿಹೋಗಬಹುದಾಗಿದ್ದ ಸಣ್ಣ ಕಲೆ. ಅಂಕ ಕೊಡುವ ಕ್ರಮವನ್ನು ನಾನು ಹೇಗೆ ಅನುಸರಿಸುತ್ತೇನೆ ಎಂಬುದನ್ನು ಹೇಳಲು ಇದೇ ತಕ್ಕ ಉದಾಹರಣೆ ಎನಿಸಿತು.

ರೋಗಿ 66 ವರ್ಷದ ನಿವೃತ್ತ ಶಿಕ್ಷಕರು. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ ಎಂಬ ದೂರಿನಿಂದ ಯೂರಾಲಜಿಸ್ಟರ ಬಳಿ ಹೋಗಿದ್ದರು. ರಕ್ತದಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿ ತಯಾರಿಸುವ, ಕ್ಯಾನ್ಸರ್ ಇದ್ದಾಗ ಏರಬಲ್ಲ ಪ್ರೋಟೀನ್, 8.9 ಬಂದಿತ್ತು. ಮೂತ್ರದಲ್ಲಿ ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಆರು ವಾರ ಬಿಟ್ಟು ಮತ್ತೆ ನೋಡಿದಾಗ 8.4. ಸೋಂಕು, ಗ್ರಂಥಿಯ ಉರಿಯೂತ, ಮೂತ್ರನಾಳಕ್ಕೆ ಹಾಕಿದ ಕೊಳವೆ, ಇವೆಲ್ಲ ಪಿಎಸ್‌ಎಯನ್ನು ಏರಿಸಬಲ್ಲವು, ಆದ್ದರಿಂದ ಒಂದೇ ಸಲದ ಸಂಖ್ಯೆಯನ್ನು ನಂಬಿ ನೇರವಾಗಿ ಸ್ಕ್ಯಾನಿಗೆ ಕಳುಹಿಸದಿದ್ದುದು ಸರಿಯಾದ ಕ್ರಮ. ಬಯಾಪ್ಸಿಗೆ ಮುಂಚೆಯೇ ಎಂಆರ್‌ಐ ಮಾಡಿಸಿದ್ದು ಕೂಡ ಅಷ್ಟೇ ಮುಖ್ಯ. ಸೂಜಿ ಚುಚ್ಚಿದ ಮೇಲೆ ಗ್ರಂಥಿಯೊಳಗೆ ರಕ್ತ ನಿಂತು ವಾರಗಟ್ಟಲೆ ಚಿತ್ರವನ್ನು ಕಲಕುತ್ತದೆ.

ಸ್ಕ್ಯಾನ್ ಮುಗಿಯುವ ಹೊತ್ತಿಗೆ ನಾನು ಕನ್ಸೋಲಿನ ಬಳಿಯೇ ಇದ್ದೆ. ಗ್ರಂಥಿಯ ರಚನೆಯನ್ನು ತೋರಿಸುವ ಟಿ2 ಚಿತ್ರಗಳು ಚೆನ್ನಾಗಿದ್ದವು. ಆದರೆ ಅಂಗಾಂಶದಲ್ಲಿ ನೀರಿನ ಕಣಗಳ ಚಲನೆಯನ್ನು ತೋರಿಸುವ ಡಿಫ್ಯೂಷನ್ ಚಿತ್ರಗಳಲ್ಲಿ ಗ್ರಂಥಿಯ ಹಿಂಭಾಗದ ಅಂಚು ಯಾರೋ ಹಿಡಿದು ಎಳೆದ ಬಟ್ಟೆಯಂತೆ ಹಿಗ್ಗಿತ್ತು, ಅದರ ಪಕ್ಕದಲ್ಲಿ ಒಂದು ಬಿಳಿ ಗೆರೆ. ಇದು ಗುದನಾಳದಲ್ಲಿ ಸಿಕ್ಕಿಕೊಂಡ ಗಾಳಿಯ ಕೆಲಸ. ಗಾಳಿ ಮತ್ತು ಅಂಗಾಂಶ ಸೇರುವಲ್ಲಿ ಕಾಂತಕ್ಷೇತ್ರ ಏರುಪೇರಾಗುತ್ತದೆ, ಡಿಫ್ಯೂಷನ್ ಚಿತ್ರ ಅದಕ್ಕೆ ಬೇಗ ಬಲಿಯಾಗುತ್ತದೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಹೊರವಲಯ ಗುದನಾಳಕ್ಕೆ ಅಂಟಿಕೊಂಡೇ ಇರುವುದರಿಂದ, ಕೆಟ್ಟುಹೋಗುವುದೂ ನಮಗೆ ಬೇಕಾದ ಜಾಗವೇ. "ಮೇಷ್ಟ್ರೇ, ಒಂದು ಸಲ ಶೌಚಾಲಯಕ್ಕೆ ಹೋಗಿ ಬನ್ನಿ, ಆಮೇಲೆ ಇನ್ನೊಂದು ಸಣ್ಣ ಸ್ಕ್ಯಾನ್ ಇದೆ" ಎಂದು ಕೇಳಿಕೊಂಡೆವು. ಅವರು ಹೋಗಿ ಬಂದ ಮೇಲೆ ಡಿಫ್ಯೂಷನ್ ಭಾಗವನ್ನು ಮತ್ತೆ ತೆಗೆದಾಗ ಅಂಚು ನೇರವಾಯಿತು. ಆ ಕೆಲವು ನಿಮಿಷಗಳನ್ನು ಉಳಿಸಲು ಹೋಗಿದ್ದರೆ ಮುಂದೆ ಹೇಳುವ ಕಲೆ ನನಗೆ ಕಾಣುತ್ತಲೇ ಇರಲಿಲ್ಲ.

ಅಂಕ ಕೊಡಲು ನಾವು ಬಳಸುವುದು ಪೈ-ರ್ಯಾಡ್ಸ್ ಎಂಬ ಪದ್ಧತಿ. ಈಗ ಚಾಲ್ತಿಯಲ್ಲಿರುವುದು 2019ರ 2.1ನೇ ಆವೃತ್ತಿ. ಪ್ರತಿಯೊಂದು ಕಲೆಗೂ 1ರಿಂದ 5ರವರೆಗೆ ಅಂಕವಿದೆ. 1 ಎಂದರೆ ಚಿಕಿತ್ಸೆ ಬೇಕಾದಂಥ ಕ್ಯಾನ್ಸರ್ ಇರುವ ಸಾಧ್ಯತೆ ತೀರಾ ಕಡಿಮೆ, 5 ಎಂದರೆ ತೀರಾ ಹೆಚ್ಚು. ಈ ಅಂಕ ರೋಗಿಗೆ ಕೊಡುವುದಲ್ಲ, ಕಲೆಗೆ ಕೊಡುವುದು. ಜೊತೆಗೆ ಅದು ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಬಯಾಪ್ಸಿ ಮಾಡಿ ಎಂದಾಗಲಿ ಬೇಡ ಎಂದಾಗಲಿ ಪೈ-ರ್ಯಾಡ್ಸ್ ತಾನಾಗಿ ಹೇಳುವುದಿಲ್ಲ, ಪಿಎಸ್‌ಎಯ ಲೆಕ್ಕವೂ ಅದರೊಳಗೆ ಸೇರಿಲ್ಲ.

ಈ ಪದ್ಧತಿಯ ಕೀಲಿಕೈ ಇರುವುದು ಕಲೆ ಯಾವ ವಲಯದಲ್ಲಿದೆ ಎಂಬ ಪ್ರಶ್ನೆಯಲ್ಲಿ. ಹೊರವಲಯದಲ್ಲಿ ಡಿಫ್ಯೂಷನ್ ಚಿತ್ರದ ಮಾತೇ ಮುಖ್ಯ. ಮೂತ್ರನಾಳವನ್ನು ಸುತ್ತುವರಿದ, ವಯಸ್ಸಾದಂತೆ ಗಂಟುಗಂಟಾಗಿ ಬೆಳೆಯುವ ಒಳವಲಯದಲ್ಲಿ ಟಿ2 ಚಿತ್ರದ ಮಾತು ಮುಖ್ಯ. ಕಾರಣ ಸರಳ. ಒಳವಲಯದ ಸಾಧಾರಣ ಗಂಟುಗಳಲ್ಲಿ ಸ್ನಾಯು ಮತ್ತು ನಾರು ಹೆಚ್ಚಿದ್ದರೆ ಅಲ್ಲಿಯೂ ನೀರಿನ ಕಣಗಳ ಚಲನೆ ಕುಗ್ಗುತ್ತದೆ, ಆದ್ದರಿಂದ ಡಿಫ್ಯೂಷನ್ ಒಂದನ್ನೇ ನಂಬಿದರೆ ನಿರುಪದ್ರವಿ ಗಂಟೂ ಕ್ಯಾನ್ಸರಿನ ವೇಷ ಹಾಕುತ್ತದೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ ಅಂಥ ಒಂದು ಗಂಟಿಗೆ ನಾನು 4 ಕೊಟ್ಟು, ಒಬ್ಬರಿಗೆ ಬೇಡದ ಬಯಾಪ್ಸಿ ಮಾಡಿಸಿದ್ದೇನೆ.

ಶಿಕ್ಷಕರ ಚಿತ್ರಗಳಲ್ಲಿಯೂ ಮೊದಲು ಕಂಡದ್ದು ಎಡ ಒಳವಲಯದ 1.8 ಸೆಂಟಿಮೀಟರಿನ ಕಪ್ಪು ಗಂಟು. ಡಿಫ್ಯೂಷನ್ ಚಿತ್ರಗಳಿಂದ ಲೆಕ್ಕಹಾಕುವ, ನೀರಿನ ಚಲನೆ ಕುಗ್ಗಿದ ಜಾಗ ಕಪ್ಪಾಗಿ ಕಾಣುವ ಎಡಿಸಿ ನಕ್ಷೆಯಲ್ಲಿಯೂ ಅದು ಕಪ್ಪಗಿತ್ತು. ಆದರೆ ಟಿ2 ಚಿತ್ರವನ್ನು ಮೂರು ದಿಕ್ಕುಗಳಿಂದಲೂ ಹಿಗ್ಗಿಸಿ ನೋಡಿದಾಗ ಅದರ ಸುತ್ತ ತೆಳುವಾದ ಕಪ್ಪು ಗೆರೆಯ ಪೊರೆ, ಒಂದು ಕಡೆ ಸ್ವಲ್ಪ ಅಳಿಸಿದಂತಿದ್ದರೂ, ಬಹುಪಾಲು ಕಾಣುತ್ತಿತ್ತು. ಒಳವಲಯದ ಕ್ಯಾನ್ಸರಿಗೆ ಹೀಗೆ ಪೊರೆ ಇರುವುದಿಲ್ಲ. ಅದು ಇದ್ದಿಲು ಹಚ್ಚಿ ಬೆರಳಿನಿಂದ ಒರೆಸಿದಂತೆ ಅಂಚು ಕಲಸಿಕೊಂಡಿರುತ್ತದೆ. ಬಹುಪಾಲು ಪೊರೆಯಿರುವ ಗಂಟಿಗೆ ಟಿ2ರಲ್ಲಿ 2 ಅಂಕ. ಅದರ ಡಿಫ್ಯೂಷನ್ ಅಂಕ 4 ಅಥವಾ 5 ಇದ್ದರೆ ಒಟ್ಟು ಅಂಕ 3ಕ್ಕೆ ಏರುತ್ತದೆ. ಇಲ್ಲಿ ಎಡಿಸಿ ನಕ್ಷೆಯ ಕಪ್ಪು ಸಾಧಾರಣ ಮಟ್ಟದ್ದು, ಅಂಥ ಜಾಗ ಹೊಳೆಯುವ ಹೆಚ್ಚಿನ ಬಿ-ಮೌಲ್ಯದ ಡಿಫ್ಯೂಷನ್ ಚಿತ್ರದಲ್ಲಿ ಹೊಳಪೂ ಅಷ್ಟಕ್ಕಷ್ಟೇ, ಆದ್ದರಿಂದ ಡಿಫ್ಯೂಷನ್ ಅಂಕ 3. ಒಟ್ಟು ಅಂಕ 2ರಲ್ಲಿಯೇ ಉಳಿಯಿತು.

ಎರಡನೆಯದು ಬಲ ಹೊರವಲಯದ ಮಧ್ಯಭಾಗದಲ್ಲಿ, ಹಿಂದಿನ ಮಗ್ಗುಲಲ್ಲಿತ್ತು. ಅಳತೆ ಒಂಬತ್ತು ಮಿಲಿಮೀಟರ್. ಗಾಳಿಯಿಂದ ಚಿತ್ರ ಕೆಟ್ಟಿದ್ದುದೂ ಸರಿಯಾಗಿ ಅದೇ ಜಾಗದಲ್ಲಿ. ಎಡಿಸಿ ನಕ್ಷೆಯಲ್ಲಿ ಸ್ಪಷ್ಟವಾಗಿ ಕಪ್ಪು, ಆದರೆ ಹೆಚ್ಚಿನ ಬಿ-ಮೌಲ್ಯದ ಚಿತ್ರದಲ್ಲಿ ಹೊಳಪು ಅಲ್ಪ. ಎರಡರಲ್ಲಿಯೂ ತೀವ್ರವಾಗಿದ್ದರೆ 4 ಆಗುತ್ತಿತ್ತು, 1.5 ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದಾಗಿದ್ದರೆ 5. ಒಂದರಲ್ಲಿ ಮಾತ್ರ ತೀವ್ರವಾಗಿದ್ದುದರಿಂದ 3. ಆಕಾರ ದುಂಡಗಿತ್ತು. ಹೊರವಲಯದಲ್ಲಿ ಗೆರೆಯಂತೆಯೋ ಕತ್ತರಿಸಿದ ಹೋಳಿನಂತೆಯೋ ಕಾಣುವ ಕಲೆ ಹಳೆಯ ಉರಿಯೂತದ ಗುರುತಾಗಿರುವುದೇ ಹೆಚ್ಚು, ಅದಕ್ಕೆ 2 ಸಾಕು.

ಇಂಥ 3ರ ಮುಂದಿನ ಹೆಜ್ಜೆಯನ್ನು ಕಾಂಟ್ರಾಸ್ಟ್ ಔಷಧದ ಚಿತ್ರಗಳು ತೀರ್ಮಾನಿಸುತ್ತವೆ. ಔಷಧ ರಕ್ತನಾಳಕ್ಕೆ ಹೋದ ಕೂಡಲೇ ಸೆಕೆಂಡುಗಳ ಅಂತರದಲ್ಲಿ ಚಿತ್ರ ತೆಗೆಯುತ್ತೇವೆ. ಕಲೆಯಿರುವ ಜಾಗ ಅಕ್ಕಪಕ್ಕದ ಅಂಗಾಂಶಕ್ಕಿಂತ ಮೊದಲೇ ಅಥವಾ ಅದರ ಜೊತೆಗೇ ಬೆಳಗಿ, ಆ ಬೆಳಕು ಕಲೆಯ ಗಡಿಗೆ ಹೊಂದಿಕೊಂಡರೆ ಹೊರವಲಯದ 3 ಅಂಕ 4 ಆಗುತ್ತದೆ. ಒಳವಲಯಕ್ಕೆ ಈ ನಿಯಮವಿಲ್ಲ. ಇವರ ಕಲೆ ಮುಂಚೆಯೇ ಬೆಳಗಿತು. ಅಂತಿಮ ಅಂಕ 4.

ಖರ್ಚು ಮತ್ತು ಸಮಯ ಉಳಿಸಲು ಕಾಂಟ್ರಾಸ್ಟ್ ಇಲ್ಲದೆ ಮಾಡುವ ಸ್ಕ್ಯಾನುಗಳೂ ಬಳಕೆಯಲ್ಲಿವೆ, ಅದು ತಪ್ಪೇನಲ್ಲ. ಆದರೆ ಆಗ ಈ ಕಲೆ 3ರಲ್ಲಿಯೇ ನಿಲ್ಲುತ್ತಿತ್ತು. ಅಂಥ ಸಂದರ್ಭದಲ್ಲಿ ನಾನು ಪಿಎಸ್‌ಎ ಸಾಂದ್ರತೆಯ ಲೆಕ್ಕಕ್ಕೆ ಹೆಚ್ಚು ತೂಕ ಕೊಡುತ್ತೇನೆ. ಗ್ರಂಥಿಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಾತ್ರ ಸಿಗುತ್ತದೆ. ಇವರಲ್ಲಿ 4.9, 3.8, 4.3 ಸೆಂಟಿಮೀಟರ್, ಅಂದರೆ ಸುಮಾರು 41.6 ಮಿಲಿಲೀಟರ್. ಪಿಎಸ್‌ಎ 8.4ನ್ನು ಅದರಿಂದ ಭಾಗಿಸಿದರೆ 0.20. ಗ್ರಂಥಿ ದೊಡ್ಡದಿದ್ದರೆ ಪಿಎಸ್‌ಎ ಹೆಚ್ಚಿರುವುದು ಸಹಜ, ಗ್ರಂಥಿ ಚಿಕ್ಕದಿದ್ದೂ ಪಿಎಸ್‌ಎ ಹೆಚ್ಚಿದ್ದರೆ ಅನುಮಾನ ಬಲವಾಗುತ್ತದೆ. 0.15ನ್ನು ಸಾಮಾನ್ಯವಾಗಿ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಹೀಗಾಗಿ ಕಾಂಟ್ರಾಸ್ಟ್ ಇಲ್ಲದಿದ್ದರೂ ಇವರಿಗೆ ಬಯಾಪ್ಸಿಯನ್ನೇ ಸೂಚಿಸುತ್ತಿದ್ದೆವು. 0.15ಕ್ಕಿಂತ ಸಾಕಷ್ಟು ಕೆಳಗಿದ್ದು ಅಂಕ 3 ಇದ್ದಿದ್ದರೆ, ಬೇರೆ ಅಪಾಯದ ಕಾರಣಗಳಿಲ್ಲವೆಂದು ನೋಡಿಕೊಂಡು, ಕೆಲವು ತಿಂಗಳು ಪಿಎಸ್‌ಎಯನ್ನು ಗಮನಿಸುತ್ತ ಕಾಯುವ ಮಾತನ್ನೂ ರೋಗಿಯ ಮುಂದಿಡಬಹುದಿತ್ತು.

ವರದಿಯ ಜೊತೆ ಗ್ರಂಥಿಯ ವಿಭಾಗಗಳ ನಕ್ಷೆಯಲ್ಲಿ ಕಲೆಯನ್ನು ಗುರುತು ಮಾಡಿ ಕೊಟ್ಟೆ. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡಿನ ಮೇಲೆ ಜೋಡಿಸುವ ಫ್ಯೂಷನ್ ಯಂತ್ರ ಆಗ ನಮ್ಮಲ್ಲಿ ಇರಲಿಲ್ಲ, ಆದ್ದರಿಂದ ಯೂರಾಲಜಿಸ್ಟರು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಸೂಜಿ ಹಾಕಬೇಕಿತ್ತು. ಬರೀ "ಬಲ ಮಧ್ಯಭಾಗ" ಎಂದು ಬರೆದು ಕೈತೊಳೆದುಕೊಂಡರೆ ಒಂಬತ್ತು ಮಿಲಿಮೀಟರಿನ ಗುರಿ ಸಿಗುವುದು ಅದೃಷ್ಟದ ಮಾತು. ಅದೃಷ್ಟಕ್ಕೆ ಕಲೆಯಿದ್ದ ಮಟ್ಟದಲ್ಲಿಯೇ ಒಳವಲಯದಲ್ಲಿ ಒಂದು ಸಣ್ಣ ನೀರುಗುಳ್ಳೆಯಿತ್ತು. ಅದು ಅಲ್ಟ್ರಾಸೌಂಡಿನಲ್ಲಿಯೂ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಬಯಾಪ್ಸಿಯ ದಿನ ನಾನೂ ಕೋಣೆಯಲ್ಲಿ ನಿಂತಿದ್ದೆ. "ಸರ್, ಆ ನೀರುಗುಳ್ಳೆ ಕಾಣುವ ಮಟ್ಟದಲ್ಲಿಯೇ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ, ಹೊರಮಗ್ಗುಲಿಗೆ" ಎಂದೆ. ಜನನಾಂಗ ಮತ್ತು ಗುದದ ನಡುವಿನ ಚರ್ಮದ ಮೂಲಕ ಸೂಜಿ ಹಾಕಿ ಗುರಿಯಿಂದ ಅಂಗಾಂಶದ ನಾಲ್ಕು ಎಳೆ, ಗ್ರಂಥಿಯ ಉಳಿದೆಡೆಗಳಿಂದ ಕ್ರಮವಾಗಿ ಹನ್ನೆರಡು ಎಳೆ ತೆಗೆದರು. ಈ ದಾರಿಯಲ್ಲಿ ಸೂಜಿ ಗುದನಾಳದ ಗೋಡೆಯನ್ನು ದಾಟುವುದಿಲ್ಲ, ಅಲ್ಲಿನ ಬ್ಯಾಕ್ಟೀರಿಯಾಗಳು ಒಳಸೇರುವ ಭಯ ಕಡಿಮೆ.

ಗುರಿಯ ನಾಲ್ಕರಲ್ಲಿ ಎರಡು ಎಳೆಗಳಲ್ಲಿ, ಕ್ಯಾನ್ಸರಿನ ಉಗ್ರತೆಯನ್ನು ಹೇಳುವ ಗ್ಲೀಸನ್ ಅಂಕದಲ್ಲಿ 3+4, ಅಂದರೆ ಗ್ರೇಡ್ ಗುಂಪು 2ರ ಕ್ಯಾನ್ಸರ್ ಸಿಕ್ಕಿತು. ಕ್ರಮವಾಗಿ ತೆಗೆದ ಹನ್ನೆರಡರಲ್ಲಿ ಒಂದು ಎಳೆಯಲ್ಲಿ ಮಾತ್ರ, ಅದೂ 3+3. ಎಂಆರ್‌ಐ ಇಲ್ಲದೆ ಹನ್ನೆರಡು ಎಳೆ ಮಾತ್ರ ತೆಗೆದಿದ್ದರೆ ಇವರ ರೋಗ ಇರುವುದಕ್ಕಿಂತ ಸೌಮ್ಯವೆಂದು ತಿಳಿದುಬಿಡುತ್ತಿದ್ದೆವು. 2018ರಲ್ಲಿ ಪ್ರಕಟವಾದ ಪ್ರಿಸಿಷನ್ ಅಧ್ಯಯನ 500 ಪುರುಷರಲ್ಲಿ ತೋರಿಸಿದ್ದೂ ಇದೇ ದಿಕ್ಕಿನ ಫಲವನ್ನು. ಮೊದಲು ಎಂಆರ್‌ಐ ಮಾಡಿ, ಅನುಮಾನದ ಕಲೆ ಕಂಡರೆ ಮಾತ್ರ ಗುರಿಯಿಟ್ಟು ಬಯಾಪ್ಸಿ ಮಾಡಿದ ಗುಂಪಿನಲ್ಲಿ ಮಹತ್ವದ ಕ್ಯಾನ್ಸರ್ ಶೇ. 38 ಜನರಲ್ಲಿ, ಹಳೆಯ ಕ್ರಮದ ಗುಂಪಿನಲ್ಲಿ ಶೇ. 26 ಜನರಲ್ಲಿ ಪತ್ತೆಯಾಯಿತು.

ಫಲಿತಾಂಶ ಹೊಂದದೆ ಹೋಗುವುದೂ ಉಂಟು, ಆಗ ವರದಿಯ ಪದಗಳನ್ನು ಎಚ್ಚರಿಕೆಯಿಂದ ಓದಬೇಕು. ನಾನು 5 ಕೊಟ್ಟ ಕಲೆಯಿಂದ "ಗ್ರಾನ್ಯುಲೋಮಾ ಉರಿಯೂತ" ಎಂದು ಬಂದರೆ ಚಿತ್ರಕ್ಕೆ ವಿವರಣೆ ಸಿಕ್ಕಿತು ಎಂದರ್ಥ. ಕ್ಷಯವಿರುವ ನಮ್ಮ ದೇಶದಲ್ಲಿ, ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಹಾಕಿಸಿಕೊಂಡವರಲ್ಲಿ, ಇದು ಕ್ಯಾನ್ಸರನ್ನು ಹೂಬೇಹೂಬು ಅನುಕರಿಸುತ್ತದೆ. ಬರೀ "ಸಾಧಾರಣ ಅಂಗಾಂಶ" ಎಂದು ಬಂದರೆ ಏನೂ ವಿವರಣೆಯಾಗಲಿಲ್ಲ. ಸೂಜಿ ಗುರಿ ತಪ್ಪಿರಬಹುದು ಎಂದುಕೊಂಡು ಚಿತ್ರಗಳನ್ನು ಮತ್ತೆ ನೋಡಿ, ಅನುಮಾನ ಹಾಗೆಯೇ ಉಳಿದರೆ ಮರುಬಯಾಪ್ಸಿ ಸೂಚಿಸುತ್ತೇನೆ.

ನನ್ನದೇ ಒಂದು ತಪ್ಪನ್ನೂ ಇಲ್ಲಿ ಬರೆಯಬೇಕು. ಶಿಕ್ಷಕರ ನಂತರ ಬಂದ ಇನ್ನೊಬ್ಬರಿಗೆ ಹೊರವಲಯದಲ್ಲಿ 3 ಅಂಕದ ಕಲೆ, ಪಿಎಸ್‌ಎ 4.1, ಗ್ರಂಥಿ 52 ಮಿಲಿಲೀಟರ್. ಸಾಂದ್ರತೆ 0.08 ಎಂದು ಬರೆದು, ಕಾಯಬಹುದು ಎಂಬ ಅಭಿಪ್ರಾಯವನ್ನೂ ಸೇರಿಸಿದೆ. ಯೂರಾಲಜಿಸ್ಟರು ಫೋನ್ ಮಾಡಿ, "ಡಾಕ್ಟ್ರೇ, ಇವರು ಒಂದೂವರೆ ವರ್ಷದಿಂದ ಡ್ಯುಟಾಸ್ಟೆರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ನೋಡಿದ್ದೀರಾ?" ಎಂದು ಕೇಳಿದರು. ನಾನು ಕೇಳಿರಲಿಲ್ಲ. ಗ್ರಂಥಿ ಊದಿದವರಿಗೆ ಕೊಡುವ ಈ ಮಾತ್ರೆ ಆರು ತಿಂಗಳಲ್ಲಿ ಪಿಎಸ್‌ಎಯನ್ನು ಹತ್ತಿರಹತ್ತಿರ ಅರ್ಧಕ್ಕೆ ಇಳಿಸುತ್ತದೆ, ಆದ್ದರಿಂದ ಬಂದ ಸಂಖ್ಯೆಯನ್ನು ದ್ವಿಗುಣಗೊಳಿಸಿ ಓದಬೇಕು. 8.2ನ್ನು 52ರಿಂದ ಭಾಗಿಸಿದರೆ 0.16. ವರದಿಯನ್ನು ತಿದ್ದಿ ಕಳುಹಿಸಿದೆ, ಬಯಾಪ್ಸಿ ಆಯಿತು, ಗುರಿಯಲ್ಲಿ 3+3 ಸಿಕ್ಕಿತು. ಅವರು ಈಗ ಚಿಕಿತ್ಸೆಯಿಲ್ಲದೆ ನಿಗಾದಲ್ಲಿದ್ದಾರೆ. ಪ್ರಾಸ್ಟೇಟ್ ಸ್ಕ್ಯಾನಿಗೆ ಬರುವವರು ತುಂಬುವ ನಮ್ಮ ಹಾಳೆಯಲ್ಲಿ ಅಂದಿನಿಂದ ಒಂದು ಸಾಲು ಹೆಚ್ಚಾಗಿದೆ: ಮೂತ್ರದ ತೊಂದರೆಗೆ ಯಾವ ಮಾತ್ರೆ, ಎಷ್ಟು ತಿಂಗಳಿಂದ? ಹೆಸರು ನೆನಪಿಲ್ಲದವರಿಗೆ ಮಾತ್ರೆಯ ಪಟ್ಟಿಯನ್ನೇ ತರಲು ಹೇಳುತ್ತೇವೆ.